ಬಾಸ್ ಕಳಿಸುವ ಒಂದು ಸಾಲಿನ ಮೆಸೇಜಿಗೆ ಏನಂತ ಉತ್ತರ ಬರೆಯಬೇಕು?

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಒಂದು ಕುರುಕಲು ತಿಂಡಿ ಕಂಪನಿಯ ಎಂಐಎಸ್ ವಿಭಾಗದಲ್ಲಿದ್ದೇನೆ, ಅಂಕಿಗಳನ್ನು ಜೋಡಿಸಿ ರಿಪೋರ್ಟ್ ಮಾಡಿಕೊಡುವುದು ನಮ್ಮ ಕೆಲಸ. ಸೇಲ್ಸ್‌ನವರು ವಾಟ್ಸಾಪ್‌ನಲ್ಲಿ "ರಿಪೋರ್ಟ್ ಬೇಕು, ಅರ್ಜೆಂಟ್" ಅಂತ ಒಂದು ಸಾಲು ಹಾಕುತ್ತಾರೆ. ಮಾಡಿ ಕಳಿಸಿದರೆ "ಇದಲ್ಲ ರೀ" ಅನ್ನುತ್ತಾರೆ. ಸರಿಯಾಗಿ ಏನು ಬೇಕು ಸರ್ ಅಂದರೆ ಸಿಟ್ಟು ಬೇರೆ. ನಮ್ಮ ಸೀನಿಯರ್ ಒಬ್ಬರು "ಪ್ರಶ್ನೆ ಕೇಳಬೇಡ, ನಿನಗೆ ಅರ್ಥ ಆಗಿದ್ದನ್ನ ತಿರುಗಿ ಬರೆದು ಕಳಿಸು" ಅನ್ನುತ್ತಾರೆ. ಅವರು ಹೇಳಿದ್ದನ್ನೇ ಅವರಿಗೆ ಹೇಳಿದರೆ ಹೊಸದಾಗಿ ಏನು ಗೊತ್ತಾಗುತ್ತದೆ? ಗಿಳಿಪಾಠ ಅಲ್ವಾ ಅದು?

ಉತ್ತರ: ನಿಮ್ಮ ಸೀನಿಯರ್ ಸರಿಯಾಗೇ ಹೇಳಿದ್ದಾರೆ, ಆದರೆ ಅರ್ಧ ಹೇಳಿದ್ದಾರೆ. ಅವರ ಪದಗಳನ್ನೇ ವಾಪಸ್ ಕಳಿಸಿದರೆ ಅದು ಗಿಳಿಪಾಠವೇ. "ಸೇಲ್ಸ್ ರಿಪೋರ್ಟ್ ಬೇಕು" ಅಂದವರಿಗೆ "ಸರ್, ತಮಗೆ ಸೇಲ್ಸ್ ರಿಪೋರ್ಟ್ ಬೇಕು ಅಲ್ವಾ" ಅಂದರೆ ಬೈಸಿಕೊಳ್ಳುತ್ತೀರಿ, ಅಷ್ಟೇ. ತಿರುಗಿ ಬರೆಯುವುದು ಅಂದರೆ ಬೇರೆ. ಆ ಒಂದು ಸಾಲನ್ನು ನಂಬಿ ನೀವು ಕೆಲಸ ಮಾಡಿದರೆ ಕೊನೆಗೆ ಅವರ ಕೈಗೆ ಏನು ಬರುತ್ತದೆ ಅನ್ನುವುದನ್ನು, ಕೆಲಸ ಶುರು ಮಾಡುವ ಮೊದಲೇ, ನಾಲ್ಕೈದು ಸಾಲಲ್ಲಿ ತೋರಿಸುವುದು.

ನಿಮ್ಮ ಪ್ರಶ್ನೆಯಲ್ಲಿ ಒಂದು ನಂಬಿಕೆ ಅಡಗಿದೆ. ಅವರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿದೆ, ಸರಿಯಾಗಿ ಹೇಳುತ್ತಿಲ್ಲ ಅಷ್ಟೇ ಅಂತ. ಈ ಕೆಲಸದಲ್ಲಿ ತಲೆ ನೆರೆಸಿಕೊಂಡವನಾಗಿ ಹೇಳುತ್ತೇನೆ, ಬಹಳ ಸಲ ಅವರಿಗೂ ಗೊತ್ತಿರುವುದಿಲ್ಲ. ಗೊತ್ತಿರುವುದು ಒಂದು ಚಡಪಡಿಕೆ ಮಾತ್ರ. ಎಲ್ಲೋ ಏನೋ ಸರಿಯಿಲ್ಲ, ಮೀಟಿಂಗ್‌ನಲ್ಲಿ ಯಾರೋ ಏನೋ ಕೇಳಿದರು, ಉತ್ತರ ಇರಲಿಲ್ಲ. ಅದನ್ನು ಅವರು ನಿಮಗೆ ಹೇಳುವುದಿಲ್ಲ. ನಿಮ್ಮ ಹತ್ತಿರ ಏನು ಸಿಗುತ್ತದೆ ಅಂತ ಯೋಚಿಸಿ, ಆ ಹೆಸರು ಹೇಳುತ್ತಾರೆ. ಎಂಐಎಸ್‌ನವರ ಹತ್ತಿರ ರಿಪೋರ್ಟ್ ಸಿಗುತ್ತದೆ. ಹಾಗಾಗಿ "ರಿಪೋರ್ಟ್ ಕಳಿಸಿ."

ಇದನ್ನು ತುಂಬ ಹಿಂದೆಯೇ ಗುರುತಿಸಿದವರು ಗ್ರಂಥಾಲಯದ ಜನ. ಅಮೆರಿಕದ ರಾಬರ್ಟ್ ಟೇಲರ್ ಅನ್ನುವವರು 1968ರಲ್ಲಿ ಒಂದು ಲೇಖನ ಬರೆದರು. ಓದುಗ ಲೈಬ್ರರಿಯನ್ ಎದುರು ಬಂದು ಕೇಳುವ ಪ್ರಶ್ನೆ ನಾಲ್ಕು ಹಂತ ದಾಟಿ ಬಂದಿರುತ್ತದೆ ಅಂತ ಅದರಲ್ಲಿ ವಿವರಿಸಿದರು. ಮೊದಲು ಮಾತಿಗೇ ಸಿಗದ ಒಂದು ಕೊರತೆ. ಆಮೇಲೆ ಮನಸ್ಸಿನೊಳಗೆ ಅದರ ಗೋಜಲು ವಿವರಣೆ. ಆಮೇಲೆ ಒಂದು ನೇರ ಪ್ರಶ್ನೆ. ಕೊನೆಗೆ, ಈ ಲೈಬ್ರರಿಯಲ್ಲಿ ಏನು ಸಿಗಬಹುದು ಅಂತ ಊಹಿಸಿ, ಅದಕ್ಕೆ ಒಗ್ಗಿಸಿಕೊಂಡ ಪ್ರಶ್ನೆ. ಲೈಬ್ರರಿಯನ್ ಕಿವಿಗೆ ಬೀಳುವುದು ಈ ನಾಲ್ಕನೆಯದು. ಅವರು ಮಾತಾಡುತ್ತಾ ಮಾತಾಡುತ್ತಾ ಓದುಗನನ್ನು ಹಿಂದಕ್ಕೆ, ಮೂರಕ್ಕೆ, ಎರಡಕ್ಕೆ ಕರೆದುಕೊಂಡು ಹೋಗಬೇಕು. ನಿಮ್ಮ ವಾಟ್ಸಾಪ್ ಸಾಲು ಕೂಡ ನಾಲ್ಕನೆಯ ಹಂತದ್ದೇ. ಮಾರ್ಕೆಟ್‌ನಲ್ಲಿ ಓಡಾಡುತ್ತಾ ಟೈಪ್ ಮಾಡಿದ್ದು ಅನ್ನುವುದೊಂದೇ ವ್ಯತ್ಯಾಸ.

ಈಗ ನಿಮ್ಮದೇ ಕ್ಷೇತ್ರದ ಒಂದು ಪ್ರಕರಣ. ಕಂಪನಿ ಹೆಸರು ಬೇಡ, ಅಂಕಿಗಳನ್ನೂ ಲೆಕ್ಕಕ್ಕೆ ಸುಲಭ ಆಗುವ ಹಾಗೆ ಬದಲಿಸಿದ್ದೇನೆ. ಜುಲೈ ಎರಡನೇ ವಾರ. ಏರಿಯಾ ಸೇಲ್ಸ್ ಮ್ಯಾನೇಜರ್ ಕಡೆಯಿಂದ ಎಂಐಎಸ್ ಹುಡುಗನಿಗೆ ಮೆಸೇಜು: "ನಾರ್ತ್ ಕರ್ನಾಟಕ ಡಿಸ್ಟ್ರಿಬ್ಯೂಟರ್ ವೈಸ್ ಸೇಲ್ಸ್ ಬೇಕು. ಲಾಸ್ಟ್ ತ್ರೀ ಮಂತ್ಸ್. ಅರ್ಜೆಂಟ್."

ನೋಡೋಕೆ ಇದು ಸ್ಪಷ್ಟವಾಗೇ ಇದೆ. ಪ್ರದೇಶ ಇದೆ, ಅವಧಿ ಇದೆ. ಆದರೆ ನಿಮಗೆ ಗೊತ್ತಲ್ಲ, ಈ ಧಂದೆಯಲ್ಲಿ ಸೇಲ್ಸ್ ಅಂದರೆ ಎರಡು. ಕಂಪನಿ ಡಿಸ್ಟ್ರಿಬ್ಯೂಟರ್‌ಗೆ ಬಿಲ್ ಮಾಡಿದ್ದು ಪ್ರೈಮರಿ. ಡಿಸ್ಟ್ರಿಬ್ಯೂಟರ್ ಅಂಗಡಿಗಳಿಗೆ ಹಾಕಿದ್ದು ಸೆಕೆಂಡರಿ. ಅದರ ಮೇಲೆ ವಾಪಸ್ ಬಂದ ಮಾಲು ಕಳೆಯಬೇಕೋ ಬೇಡವೋ, ಜಿಎಸ್‌ಟಿ ಸೇರಿಸಿಯೋ ಬಿಟ್ಟೋ, ರೂಪಾಯಿಯಲ್ಲೋ ಬಾಕ್ಸ್ ಲೆಕ್ಕದಲ್ಲೋ. ಇದನ್ನೆಲ್ಲ ಸಾಲಾಗಿ ಪ್ರಶ್ನೆ ಮಾಡಿ ಕಳಿಸಿದರೆ ಏನಾಗುತ್ತದೆ ಅಂತ ನೀವು ಅನುಭವಿಸಿದ್ದೀರಿ. ಬೈಕ್ ಮೇಲೆ ಇರುವ ಮನುಷ್ಯನಿಗೆ ನಾಲ್ಕು ಪ್ರಶ್ನೆಯ ಪರೀಕ್ಷೆ ಪತ್ರಿಕೆ ಕೊಟ್ಟ ಹಾಗೆ.

ಆ ಹುಡುಗ ಪ್ರಶ್ನೆ ಕೇಳಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ತೆಗೆದು ಒಬ್ಬ ಡಿಸ್ಟ್ರಿಬ್ಯೂಟರ್‌ನ ಅಂಕಿ ಮಾತ್ರ ನೋಡಿಕೊಂಡು ಹೀಗೆ ಬರೆದ:

"ಸರ್, ನನಗೆ ಅರ್ಥ ಆಗಿದ್ದು ಇಷ್ಟು. ಏಪ್ರಿಲ್, ಮೇ, ಜೂನ್ ಮೂರು ತಿಂಗಳು ನಾವು ಪ್ರತಿ ಡಿಸ್ಟ್ರಿಬ್ಯೂಟರ್‌ಗೆ ಎಷ್ಟು ಬಿಲ್ ಮಾಡಿದ್ವಿ ಅನ್ನೋದು. ವಾಪಸ್ ಬಂದ ಮಾಲು ಕಳೆದು, ಜಿಎಸ್‌ಟಿ ಬಿಟ್ಟು. ಒಂದು ಸಾಲು ಹೀಗೆ ಬರುತ್ತೆ: ಗದಗ, ಏಪ್ರಿಲ್ 4.2 ಲಕ್ಷ, ಮೇ 4 ಲಕ್ಷ, ಜೂನ್ 7.1 ಲಕ್ಷ. ಯಾರ ಬಿಸಿನೆಸ್ ಬೆಳೆದಿದೆ ಅಂತ ನೋಡೋಕೆ ಇದು ಅಂದ್ಕೊಂಡಿದ್ದೀನಿ. ಅಂಗಡಿಗಳಿಗೆ ಎಷ್ಟು ಹೋಯ್ತು ಅನ್ನೋದು ಇದರಲ್ಲಿ ಬರಲ್ಲ. ಸರಿನಾ?"

ಐದು ನಿಮಿಷದಲ್ಲಿ ಉತ್ತರ ಬಂತು. "ಬೆಳೆದಿದೆ ಅಂತಲ್ಲ ಮಾರಾಯ. ಜೂನ್‌ನಲ್ಲಿ 7 ತಗೊಂಡೋನು ಜುಲೈಗೆ ಆರ್ಡರೇ ಕೊಡ್ತಿಲ್ಲ. ನಾಲ್ಕೈದು ಜನ ಹೀಗೇ ಮಾಡ್ತಿದಾರೆ. ಅದು ಯಾಕೆ ಅಂತ ಬೇಕು."

ಇಲ್ಲಿ ಏನಾಯಿತು ನೋಡಿ. ಮೊದಲ ಮೆಸೇಜಿನಲ್ಲಿ ಜುಲೈ ಅನ್ನುವ ಮಾತೇ ಇರಲಿಲ್ಲ, ಆರ್ಡರ್ ಅನ್ನುವ ಮಾತೂ ಇರಲಿಲ್ಲ. ಅವರು ಬಚ್ಚಿಟ್ಟಿದ್ದರು ಅಂತಲ್ಲ. ಆರ್ಡರ್ ನಿಂತಿದೆ ಅನ್ನುವ ಕಿರಿಕಿರಿ ತಲೆಯಲ್ಲಿತ್ತು. ಅದಕ್ಕೂ ಮೂರು ತಿಂಗಳ ಸೇಲ್ಸ್‌ಗೂ ಏನೋ ಸಂಬಂಧ ಇದೆ ಅನ್ನುವ ಅಂದಾಜಿತ್ತು. ಅಂದಾಜನ್ನು ಕೇಳಿದರು, ಕಿರಿಕಿರಿಯನ್ನು ಹೇಳಲಿಲ್ಲ. "ಯಾರ ಬಿಸಿನೆಸ್ ಬೆಳೆದಿದೆ ಅಂತ ನೋಡೋಕೆ" ಅನ್ನುವ ತಪ್ಪು ಊಹೆ, ಅದರ ಪಕ್ಕದಲ್ಲೇ 7.1 ಅನ್ನುವ ಅಂಕಿ, ಈ ಎರಡನ್ನೂ ಒಟ್ಟಿಗೆ ಕಂಡಾಗ ಅವರಿಗೇ ಹೊಳೆಯಿತು. ಅಯ್ಯೋ, ಇದು ಬೆಳವಣಿಗೆ ಅಲ್ಲವೇ ಅಲ್ಲ ಅಂತ.

ಹುಡುಗ ಎರಡನೇ ಸಲ ತಿರುಗಿ ಬರೆದ. "ಹಾಗಾದ್ರೆ ಸರ್, ಕ್ವಾರ್ಟರ್ ಟಾರ್ಗೆಟ್‌ಗೆ ಅಂತ ಜೂನ್ ಕೊನೆಗೆ ಮಾಲು ಡಂಪ್ ಆಗಿದೆಯಾ, ಅದು ಇನ್ನೂ ಗೋಡೌನ್‌ನಲ್ಲೇ ಕೂತಿದೆಯಾ ಅನ್ನೋದು ಬೇಕು. ಜೂನ್ ಕೊನೇ ವಾರದ ಬಿಲ್ಲಿಂಗ್ ಮತ್ತೆ ಜೂನ್ 30ರ ಸ್ಟಾಕ್ ಎಷ್ಟು ದಿನಕ್ಕೆ ಸಾಕಾಗುತ್ತೆ, ಈ ಎರಡು ಕಾಲಂ. ಗದಗಕ್ಕೆ ಲೆಕ್ಕ ಹಾಕಿದೆ: ಜೂನ್ ಶುರುವಲ್ಲಿ 2 ಲಕ್ಷದ ಸ್ಟಾಕ್, 7.1 ತಗೊಂಡಿದ್ದು, ಅಂಗಡಿಗೆ ಹೋಗಿದ್ದು 4.1, ಉಳಿದಿದ್ದು 5 ಲಕ್ಷ. ಇದೇ ವೇಗದಲ್ಲಿ ಹೋದ್ರೆ 36 ದಿನದ ಮಾಲು."

ಲೆಕ್ಕ ಏನು ದೊಡ್ಡದಲ್ಲ. 4.1 ಲಕ್ಷವನ್ನು ಜೂನ್‌ನ 30 ದಿನಕ್ಕೆ ಹಂಚಿದರೆ ದಿನಕ್ಕೆ ಹತ್ತಿರ ಹತ್ತಿರ 13,700 ರೂಪಾಯಿ. 5 ಲಕ್ಷವನ್ನು ಅದರಿಂದ ಭಾಗಿಸಿದರೆ 36 ದಿನ ಚಿಲ್ಲರೆ. ತಿಂಗಳ ಶುರುವಿನಲ್ಲಿ ಅದೇ ಗದಗದವನ ಹತ್ತಿರ ಇದ್ದದ್ದು 15 ದಿನದ ಮಾಲು. ಒಂದು ಎಚ್ಚರ ಮಾತ್ರ ಬೇಕು. ನಾಲ್ಕೂ ಅಂಕಿ ಒಂದೇ ದರದಲ್ಲಿರಬೇಕು. ತಗೊಂಡಿದ್ದಕ್ಕೆ ಕಂಪನಿ ಬಿಲ್ ದರ, ಮಾರಿದ್ದಕ್ಕೆ ಡಿಸ್ಟ್ರಿಬ್ಯೂಟರ್ ತನ್ನ ಲಾಭ ಸೇರಿಸಿದ ದರ ಹಾಕಿದರೆ ಸ್ಟಾಕ್ ಇರುವುದಕ್ಕಿಂತ ಕಮ್ಮಿ ಕಾಣುತ್ತದೆ.

ಮ್ಯಾನೇಜರ್ ಉತ್ತರ: "ಕರೆಕ್ಟ್. ಆದ್ರೆ ಎಲ್ಲರದ್ದೂ ಬೇಡ. 30 ದಿನಕ್ಕಿಂತ ಜಾಸ್ತಿ ಇರೋರ ಹೆಸರು ಸಾಕು. ಯಾವ ಐಟಂ ಕೂತಿದೆ ಅಂತನೂ ಹಾಕು."

ಅಂದರೆ ಬೇಕಾಗಿದ್ದು ಮೂರು ತಿಂಗಳ ದೊಡ್ಡ ಟೇಬಲ್ ಅಲ್ಲ. ಕೆಲವು ಹೆಸರು, ಪ್ರತಿ ಹೆಸರಿನ ಎದುರು ಕೂತಿರುವ ಮಾಲು. ಮೊದಲ ಮೆಸೇಜನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರೆ ಹುಡುಗ ಮಧ್ಯಾಹ್ನದವರೆಗೆ ಕೂತು ಎಲ್ಲ ಡಿಸ್ಟ್ರಿಬ್ಯೂಟರ್‌ಗಳ ಪ್ರೈಮರಿ ತೆಗೆದು ಕಳಿಸುತ್ತಿದ್ದ, ಆ ಟೇಬಲ್‌ನಲ್ಲಿ ಗದಗದವನು ಎಲ್ಲರಿಗಿಂತ ಚೆನ್ನಾಗಿ ಮಾಡಿದವನ ಹಾಗೆ ಕಾಣುತ್ತಿದ್ದ, ಮ್ಯಾನೇಜರ್ "ಇದಲ್ಲ ರೀ" ಅನ್ನುತ್ತಿದ್ದರು, ಏನು ಅಲ್ಲ ಅಂತ ಅವರಿಗೂ ಹೇಳಲು ಬರುತ್ತಿರಲಿಲ್ಲ.

ಇದು ಯಾಕೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ನನ್ನ ಲೆಕ್ಕದಲ್ಲಿ ಎರಡು ಕಾರಣ ಇದೆ. ಮೊದಲನೆಯದು, ಖಾಲಿ ಜಾಗದಲ್ಲಿ ತನಗೆ ಬೇಕಾದ್ದನ್ನು ಬರೆಯುವುದು ಕಷ್ಟ, ಎದುರಿಗಿರುವುದರಲ್ಲಿ ತಪ್ಪು ಹುಡುಕುವುದು ಸುಲಭ. "ಏನು ಬೇಕು ಸರ್?" ಅಂದರೆ ಅವರು ಎಲ್ಲವನ್ನೂ ಮೊದಲಿಂದ ಯೋಚಿಸಬೇಕು. "ಗದಗ 7.1, ಬೆಳವಣಿಗೆ ನೋಡೋಕೆ" ಅಂದರೆ ಒಂದೇ ನೋಟದಲ್ಲಿ "ಅದಲ್ಲ" ಅನ್ನಬಹುದು. ಅದಲ್ಲ ಅಂದ ಮೇಲೆ ಮತ್ತೇನು ಅನ್ನುವುದು ತಾನಾಗೇ ಬಾಯಿಗೆ ಬರುತ್ತದೆ. ಹಾಗಾಗಿ ನಿಮ್ಮ ಊಹೆ ಸರಿಯೇ ಇರಬೇಕು ಅಂತ ಹೆದರಬೇಡಿ. ತಪ್ಪಾದರೂ ಪರವಾಗಿಲ್ಲ, ಗಟ್ಟಿಯಾಗಿ ಇದೇ ಅಂತ ಹೇಳಿದ ತಪ್ಪಾಗಿರಬೇಕು. "ಬಹುಶಃ ಏನೋ ಅನಾಲಿಸಿಸ್‌ಗೆ ಇರಬಹುದು" ಅಂತ ಬರೆದರೆ ಅದರಲ್ಲಿ ತಿದ್ದೋಕೆ ಏನೂ ಇಲ್ಲ.

ಎರಡನೆಯದು, ಬರೆದವರಿಗೆ ತಮ್ಮ ಮೆಸೇಜು ಅಸ್ಪಷ್ಟ ಅಂತ ಅನ್ನಿಸುವುದೇ ಇಲ್ಲ. ಓದುವಾಗ ತಲೆಯಲ್ಲಿರುವುದೆಲ್ಲ ಸೇರಿಕೊಂಡು ಪೂರ್ತಿ ಕಾಣುತ್ತದೆ. 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿಂದ ಕುಟ್ಟಬೇಕು, ಇನ್ನೊಬ್ಬರು ಹಾಡು ಯಾವುದು ಅಂತ ಹೇಳಬೇಕು. ಕೇಳುವವರು ಅರ್ಧದಷ್ಟು ಸಲ ಗುರುತು ಹಿಡಿಯುತ್ತಾರೆ ಅಂತ ಕುಟ್ಟಿದವರು ಅಂದುಕೊಂಡಿದ್ದರು. 120 ಹಾಡಿನಲ್ಲಿ ಕೇಳಿದವರು ಗುರುತಿಸಿದ್ದು 3. ಕುಟ್ಟುವವರ ತಲೆಯಲ್ಲಿ ರಾಗ ಓಡುತ್ತಿರುತ್ತದೆ, ಕೇಳುವವರಿಗೆ ಟಕ್ ಟಕ್ ಮಾತ್ರ. ನಿಮ್ಮ ಮ್ಯಾನೇಜರ್‌ಗೆ "ಮೆಸೇಜ್ ಕ್ಲಿಯರ್ ಆಗಿಲ್ಲ ಸರ್" ಅಂತ ಹೇಳಿ ಇದನ್ನು ಒಪ್ಪಿಸಲು ಆಗುವುದಿಲ್ಲ. ಅವರ ಮಟ್ಟಿಗೆ ಅದು ಕ್ಲಿಯರ್ ಆಗೇ ಇದೆ. ಆ ರಾಗ ಇಲ್ಲದೆ ಅವರ ಮಾತು ಹೇಗೆ ಕೇಳಿಸುತ್ತದೆ ಅನ್ನುವುದನ್ನು ತೋರಿಸಬೇಕು. ನೀವು ತಿರುಗಿ ಬರೆದದ್ದು ಅದನ್ನೇ ಮಾಡುತ್ತದೆ, ಯಾರನ್ನೂ ಚುಚ್ಚದೆ.

ಇದನ್ನು ವಿಮಾನದವರ ರೀಡ್‌ಬ್ಯಾಕ್ ಜೊತೆ ಗೊಂದಲ ಮಾಡಿಕೊಳ್ಳಬೇಡಿ. ಕೆಲವು ಟ್ರೇನಿಂಗ್‌ಗಳಲ್ಲಿ ಎರಡೂ ಒಂದೇ ಅನ್ನುವ ಹಾಗೆ ಹೇಳಿಕೊಡುತ್ತಾರೆ. ಕಂಟ್ರೋಲರ್ ಎಷ್ಟು ಎತ್ತರಕ್ಕೆ ಏರಬೇಕು ಅಂತ ಹೇಳಿದ್ದನ್ನು ಪೈಲಟ್ ಹಾಗೇ ವಾಪಸ್ ಹೇಳುತ್ತಾರೆ. ಅಲ್ಲಿ ಹೇಳುವವರಿಗೆ ಏನು ಬೇಕು ಅಂತ ಖಚಿತವಾಗಿ ಗೊತ್ತಿದೆ, ದಾರಿಯಲ್ಲಿ ಮಾತು ಕೆಟ್ಟಿತೇ ಅಂತ ನೋಡುವುದಷ್ಟೇ ಕೆಲಸ. ಅದಕ್ಕೇ ಅವೇ ಪದ, ಅದೇ ಅಂಕಿ. ನಿಮ್ಮಲ್ಲಿ ಮಾತು ದಾರಿಯಲ್ಲಿ ಕೆಟ್ಟಿಲ್ಲ. ಹೊರಟಾಗಲೇ ಪೂರ್ತಿ ಆಗಿರಲಿಲ್ಲ. ಹಾಗಾಗಿ ಬೇರೆ ಪದದಲ್ಲೇ ಹೇಳಬೇಕು.

ಬರೆಯುವಾಗ ನಾನು ಬಿಡದೆ ಹಾಕುವ ವಿಷಯ ಮೂರು. ಒಂದು ನಿಜವಾದ ಸಾಲು, ಅವರಿಗೆ ಪರಿಚಯ ಇರುವ ಹೆಸರಿನದ್ದು. ಸುಳ್ಳು ಅಂಕಿ ಹಾಕಬೇಡಿ. ಒಂದು ಸಾಲು ತೆಗೆಯೋಕೆ ಎರಡು ನಿಮಿಷ ಸಾಕು, ಅದೇ ಅವರ ತಲೆಯಲ್ಲಿ ಗಂಟೆ ಬಾರಿಸುವುದು. ಮೇಲಿನ ಕಥೆಯಲ್ಲಿ 7.1ರ ಬದಲು ಎಕ್ಸ್, ವೈ ಅಂತ ಇದ್ದಿದ್ದರೆ ಏನೂ ಹೊಳೆಯುತ್ತಿರಲಿಲ್ಲ. ಆಮೇಲೆ, ಇದು ಯಾತಕ್ಕೆ ಅಂತ ನಿಮ್ಮ ಊಹೆ. "ಯಾಕೆ ಬೇಕು ಸರ್?" ಅಂತ ಕೇಳಿದರೆ ನಮ್ಮ ಆಫೀಸುಗಳಲ್ಲಿ ಅದು ಎದುರು ಮಾತಿನ ಹಾಗೆ ಕೇಳಿಸುತ್ತದೆ, ಸುಮ್ನೆ ಜಗಳ. "ಇದಕ್ಕೆ ಅಂದ್ಕೊಂಡಿದ್ದೀನಿ" ಅಂದರೆ ಅದೇ ಪ್ರಶ್ನೆ, ಆದರೆ ಯಾರಿಗೂ ನೋವಿಲ್ಲ. ಮತ್ತೆ, ಏನು ಬರುವುದಿಲ್ಲ ಅನ್ನುವ ಒಂದು ಸಾಲು. ಇದನ್ನು ಜನ ಮರೆಯುತ್ತಾರೆ. ಇದೆ ಅಂತ ಹೇಳಿದ್ದನ್ನು ಮನುಷ್ಯ ತಲೆಯಾಡಿಸಿ ಮುಂದೆ ಹೋಗುತ್ತಾನೆ, ಇಲ್ಲ ಅಂದದ್ದಕ್ಕೆ ನಿಲ್ಲುತ್ತಾನೆ.

ಇಡೀ ಮೆಸೇಜು ಫೋನಿನಲ್ಲಿ ಸ್ಕ್ರೋಲ್ ಮಾಡದೆ ಓದುವಷ್ಟು ಇರಲಿ. ಅದಕ್ಕಿಂತ ಉದ್ದ ಆದರೆ ಓದುವುದಿಲ್ಲ, 👍 ಒತ್ತುತ್ತಾರೆ.

ಆ 👍 ಬಗ್ಗೆ ಸ್ವಲ್ಪ ಹೇಳಲೇಬೇಕು. ಇದು ಕೈಕೊಡುವ ಮೊದಲ ಜಾಗ ಅದೇ. ತಿರುಗಿ ಬರೆದ ತಕ್ಷಣ, ಅರೆ ನಿಮಿಷದಲ್ಲಿ "ಓಕೆ" ಬಂದರೆ ಅವರು ಓದಿಲ್ಲ ಅಂತಲೇ ತಿಳಿಯಿರಿ. ಒಳ್ಳೆಯ ಲಕ್ಷಣ ಅಂದರೆ ತಿದ್ದುಪಡಿ. "ಸರಿ, ಆದ್ರೆ..." ಅಂತ ಬಂದರೆ ಆ "ಆದ್ರೆ" ನಂತರದ್ದೇ ನಿಮಗೆ ಬೇಕಾದದ್ದು. ಬರೀ ಓಕೆ ಬಂದರೆ ನಾನು ಕೆಲಸ ಪೂರ್ತಿ ಮಾಡುವುದಿಲ್ಲ. ಐದು ಡಿಸ್ಟ್ರಿಬ್ಯೂಟರ್‌ಗಳದ್ದು ಮಾಡಿ, ಸ್ಕ್ರೀನ್‌ಶಾಟ್ ಕಳಿಸಿ, "ಸರ್, ಉಳಿದವರದ್ದೂ ಹೀಗೇ ಮಾಡಲಾ?" ಅನ್ನುತ್ತೇನೆ. ಚಿತ್ರ ನೋಡುತ್ತಾರೆ, ಅಕ್ಷರ ಓದದವರು ಕೂಡ.

ಎರಡನೇ ಅಪಾಯ ಇದಕ್ಕಿಂತ ಕೆಟ್ಟದ್ದು, ಕಣ್ಣಿಗೂ ಬೀಳುವುದಿಲ್ಲ. ನೀವು ತುಂಬ ಚೆನ್ನಾಗಿ, ತುಂಬ ಜೋಡಿಸಿ ಬರೆದರೆ ಅವರು ನಿಮ್ಮ ಊಹೆಯನ್ನೇ ತಮ್ಮ ಬಯಕೆ ಅಂತ ಒಪ್ಪಿಕೊಂಡುಬಿಡುತ್ತಾರೆ. ತಮ್ಮ ಗೋಜಲಿಗಿಂತ ನಿಮ್ಮ ಸಾಲು ಚೆಂದ ಇದೆಯಲ್ಲ! ಹೊಸದಾಗಿ ಬಂದ ಮ್ಯಾನೇಜರ್‌ಗಳಲ್ಲಿ ಇದು ಜಾಸ್ತಿ, ತಮಗೆ ಗೊತ್ತಿಲ್ಲ ಅಂತ ತೋರಿಸಿಕೊಳ್ಳಲು ಅವರಿಗೆ ಮುಜುಗರ. ಇದನ್ನು ಪತ್ತೆ ಹಚ್ಚುವುದು ಹೇಗೆ ಅಂದರೆ, ಅವರ ಉತ್ತರದಲ್ಲಿ ನಿಮ್ಮ ಪದಗಳೇ ವಾಪಸ್ ಬರುತ್ತಿರುತ್ತವೆ, ಅವರದ್ದು ಅಂತ ಒಂದು ಊರ ಹೆಸರೂ ಒಂದು ಘಟನೆಯೂ ಇರುವುದಿಲ್ಲ. ಹಾಗನ್ನಿಸಿದರೆ ಒಂದು ಊಹೆಯ ಬದಲು ಎರಡು ಇಡಿ. "ಬೆಳವಣಿಗೆ ನೋಡೋಕೆ ಆದ್ರೆ ಈ ಕಾಲಂ, ಸ್ಟಾಕ್ ಕೂತಿದೆಯಾ ನೋಡೋಕೆ ಆದ್ರೆ ಆ ಕಾಲಂ." ಎರಡರಲ್ಲಿ ಒಂದನ್ನು ಆರಿಸುವಾಗ ಮನುಷ್ಯ ತನ್ನ ಕಾರಣ ಹೇಳುತ್ತಾನೆ. ಮೂರು ನಾಲ್ಕು ಇಟ್ಟರೆ ಮತ್ತೆ ಪರೀಕ್ಷೆ ಪತ್ರಿಕೆ ಆಗುತ್ತದೆ, ಎರಡೇ ಸಾಕು.

ಇನ್ನೊಂದು ಸಂದರ್ಭದಲ್ಲಿ ಇದು ನಡೆಯುವುದೇ ಇಲ್ಲ. ಮೆಸೇಜು ಕಳಿಸಿದವರು ಬರೀ ದಾಟಿಸುವವರಾಗಿದ್ದಾಗ. ಬೆಂಗಳೂರಿನ ಹೆಡ್ ಆಫೀಸಿನಿಂದ ಯಾರೋ ಕೇಳಿದ್ದು, ನಿಮ್ಮ ಮ್ಯಾನೇಜರ್ ನಿಮಗೆ ಫಾರ್ವರ್ಡ್ ಮಾಡಿದ್ದು. ಆಗ ಎಷ್ಟು ಚೆನ್ನಾಗಿ ತಿರುಗಿ ಬರೆದರೂ ಅವರೊಳಗೆ ಏನೂ ಹೊಳೆಯುವುದಿಲ್ಲ. ಹೊಳೆಯಲು ಅವರೊಳಗೆ ಆ ಚಡಪಡಿಕೆಯೇ ಇಲ್ಲ. "ನಂಗೇನು ಗೊತ್ತು, ಕೇಳಿದ್ದು ಕಳಿಸು" ಅನ್ನುತ್ತಾರೆ. ಅದನ್ನು ಸಿಟ್ಟು ಅಂದುಕೊಳ್ಳಬೇಡಿ, ಅದು ಮಾಹಿತಿ. ಆಗ ಮೆಸೇಜನ್ನು ಅವರಿಗೆ ಅಲ್ಲ, ಮೇಲಿನವರಿಗೆ ಅನ್ನುವ ಹಾಗೆ ಬರೆಯಿರಿ. "ನನಗೆ ಅರ್ಥ ಆಗಿದ್ದು" ಅನ್ನುವುದರ ಬದಲು "ಕಳಿಸಲಿರುವ ರಿಪೋರ್ಟಿನಲ್ಲಿ ಇರುವುದು" ಅಂತ ಶುರು ಮಾಡಿ. ಅವರು ಅದನ್ನು ಹಾಗೇ ಮುಂದಕ್ಕೆ ಒತ್ತುತ್ತಾರೆ, ಟೈಪ್ ಮಾಡುವ ಕೆಲಸ ಅವರಿಗೂ ತಪ್ಪಿತಲ್ಲ.

ಎಲ್ಲದಕ್ಕೂ ಹೀಗೆ ಮಾಡಲು ಹೋಗಬೇಡಿ. "ಧಾರವಾಡ ಡಿಸ್ಟ್ರಿಬ್ಯೂಟರ್ ಜಿಎಸ್‌ಟಿ ನಂಬರ್ ಕಳಿಸು" ಅಂದರೆ ಕಳಿಸಿಬಿಡಿ. ತಪ್ಪಾದರೆ ಹತ್ತು ನಿಮಿಷ ಹೋಗುವ ಕೆಲಸಕ್ಕೆ ಐದು ನಿಮಿಷದ ಮೆಸೇಜು ಬೇಡ. ಅರ್ಧ ದಿನ ತಿನ್ನುವ ಕೆಲಸ, ಅಥವಾ ಒಂದೇ ಪದಕ್ಕೆ ನಿಮ್ಮ ಡೇಟಾದಲ್ಲಿ ಎರಡು ಅರ್ಥ ಇರುವ ಕೆಲಸ, ಇವಕ್ಕೆ ಮಾತ್ರ ಇಟ್ಟುಕೊಳ್ಳಿ. ಎರಡು ಸುತ್ತು ತಿರುಗಿ ಬರೆದ ಮೇಲೂ ಗುರಿ ಬದಲಾಗುತ್ತಲೇ ಇದ್ದರೆ ಟೈಪ್ ಮಾಡುವುದು ನಿಲ್ಲಿಸಿ ಫೋನ್ ಮಾಡಿ. ಆಗ ಅವರೊಳಗಿನ ಪ್ರಶ್ನೆ ಇನ್ನೂ ಎರಡನೇ ಹಂತದಲ್ಲೇ ಇದೆ, ಬರೆಯುವಷ್ಟು ಗಟ್ಟಿ ಆಗಿಲ್ಲ. ಮಾತಾಡುತ್ತಾ ಗಟ್ಟಿ ಆಗುತ್ತದೆ. ಫೋನ್ ಇಟ್ಟ ಮೇಲೆ ಕೇಳಿಸಿಕೊಂಡದ್ದನ್ನು ಮತ್ತೆ ನಾಲ್ಕು ಸಾಲಲ್ಲಿ ಕಳಿಸಿ.

ಕೊನೆಯಲ್ಲಿ ಇಬ್ಬರೂ ಒಪ್ಪಿದ ಆ ನಾಲ್ಕು ಸಾಲನ್ನು ಎಕ್ಸೆಲ್‌ನ ಮೊದಲ ಸಾಲಿನಲ್ಲೇ ಅಂಟಿಸಿಬಿಡಿ: ಯಾವ ಅವಧಿ, ಯಾವ ಸೇಲ್ಸ್, ಯಾವ ದರ, 30 ದಿನದ ಗಡಿ ಯಾರು ಹೇಳಿದ್ದು. ಸೆಪ್ಟೆಂಬರ್ ಕ್ವಾರ್ಟರ್ ಮುಗಿದ ಮೇಲೆ "ಅವತ್ತು ಕಳಿಸಿದ್ಯಲ್ಲ, ಅದೇ ರಿಪೋರ್ಟ್ ಬೇಕು" ಅಂತ ಮೆಸೇಜು ಬಂದೇ ಬರುತ್ತದೆ. ಆಗ ಆ ಸಾಲನ್ನು ಕಾಪಿ ಮಾಡಿ, ತಿಂಗಳ ಹೆಸರು ಮಾತ್ರ ಬದಲಿಸಿ, ಒಬ್ಬ ಡಿಸ್ಟ್ರಿಬ್ಯೂಟರ್‌ನ ಹೊಸ ಅಂಕಿ ಸೇರಿಸಿ ಕಳಿಸಿ. ದಸರಾ, ದೀಪಾವಳಿಗೆ ಅಂತ ಆಗ ಎಲ್ಲರೂ ಬೇಕಂತಲೇ ಸ್ಟಾಕ್ ಇಟ್ಟುಕೊಂಡಿರುತ್ತಾರೆ, 30 ದಿನ ಅನ್ನುವ ಗಡಿ ಆಗ ಸರಿಹೋಗುವುದಿಲ್ಲ. ಅದನ್ನು ನೋಡಿದ ಕೂಡಲೇ ನಿಮ್ಮ ಮ್ಯಾನೇಜರೇ "45 ಮಾಡು" ಅನ್ನಬಹುದು.